ಕಿವಿಯ ಕಥೆ ಬೇಡ, ಕ್ಯಾಪ್ಶನ್ ಸಾಕು

ದಿಲ್‌ಸುಖ್‌ನಗರದ ನನ್ನ ರೂಮಿನ ಕಿಟಕಿ ಮುಖ್ಯರಸ್ತೆಗೆ ತೆರೆಯುತ್ತದೆ. ಬಸ್ಸಿನ ಹಾರ್ನ್ ಬಿದ್ದರೆ ಫೋನಿನ ಮಾತು ಯಾರಿಗೂ ಸರಿಯಾಗಿ ಕೇಳದು. ನನಗಂತೂ ಎಡಗಿವಿ ಚಿಕ್ಕಂದಿನಿಂದಲೇ ಕೇಳಿಸುವುದಿಲ್ಲ. ಎದುರು ಕೂತು ಮಾತಾಡಿದರೆ ತೊಂದರೆಯಿಲ್ಲ. ಕಾಲ್‌ನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಮಾತ್ರ ಅರ್ಧ ಪ್ರಶ್ನೆ ತಪ್ಪಿಹೋಗುತ್ತದೆ.

ಮೂರು ವರ್ಷದ ಹಿಂದೆ ಕೆಲಸ ಬದಲಿಸಲು ಹೊರಟಾಗ ಒಂದು ಕಂಪನಿಯ ರಿಕ್ರೂಟರ್‌ಗೆ ಎಲ್ಲವನ್ನೂ ಹೇಳಿದೆ. ಬಾಲ್ಯದ ಸೋಂಕು, ಎರಡು ಆಪರೇಷನ್, ಆಡಿಯೋಗ್ರಾಮ್, ಒಂದನ್ನೂ ಬಿಡಲಿಲ್ಲ. ಆಕೆ ಮರುಗಿದರು. ಆಮೇಲೆ, ‘ಇನ್ನೊಂದು ಕಿವಿಗೂ ಹೀಗಾಗಬಹುದಾ? ಕ್ಲೈಂಟ್ ಕಾಲ್ ಮಾಡೋಕಾಗುತ್ತಾ?’ ಎಂದು ಕೇಳಿದರು. ಇಂಟರ್‌ವ್ಯೂ ದಿನ ಪ್ಯಾನೆಲ್‌ನ ಮೂವರೂ ಕ್ಯಾಮೆರಾ ಆಫ್ ಮಾಡಿ ಕೂತಿದ್ದರು. ತಪ್ಪು ನನ್ನದೂ ಇತ್ತು. ಹತ್ತು ನಿಮಿಷ ಮಾತಾಡಿದ್ದೆ, ಏನು ಬೇಕು ಅಂತ ಮಾತ್ರ ಕೇಳಿರಲಿಲ್ಲ.

ಈ ಸಲ ಇಂಟರ್‌ವ್ಯೂ ಖಚಿತವಾದ ಕೂಡಲೇ, ಸಮಯ ಗೊತ್ತುಮಾಡುವ ಮೊದಲೇ ಇಷ್ಟು ಬರೆದೆ: ‘ನನಗೆ ಶ್ರವಣದ ತೊಂದರೆ ಇದೆ. ಇಂಟರ್‌ವ್ಯೂನಲ್ಲಿ ಲೈವ್ ಕ್ಯಾಪ್ಶನ್ ಬಳಸುತ್ತೇನೆ. ಎಲ್ಲರೂ ಕ್ಯಾಮೆರಾ ಆನ್ ಇಟ್ಟು, ಉದ್ದದ ಪ್ರಶ್ನೆಯನ್ನು ಚಾಟ್‌ನಲ್ಲೂ ಹಾಕಿದರೆ ಅನುಕೂಲ. ದಯವಿಟ್ಟು ಇದನ್ನು ಕ್ಯಾಲೆಂಡರ್ ಇನ್ವೈಟ್‌ನಲ್ಲಿ ಸೇರಿಸಿ.’

ಕೊನೆಯ ವಾಕ್ಯವೇ ಮುಖ್ಯ. ರಿಕ್ರೂಟರ್ ‘ಓಕೆ’ ಅಂದಮಾತ್ರಕ್ಕೆ ಪ್ಯಾನೆಲ್‌ಗೆ ವಿಷಯ ತಲುಪುವುದಿಲ್ಲ. ಇನ್ವೈಟ್‌ನಲ್ಲಿ ಆ ಸಾಲು ಕಾಣದಿದ್ದರೆ ಇನ್ನೊಮ್ಮೆ ನೆನಪಿಸಬೇಕು. ಕ್ಯಾಪ್ಶನ್ ವಿಷಯ ಮೊದಲೇ ಹೇಳುವುದಕ್ಕೆ ಇನ್ನೂ ಎರಡು ಕಾರಣ ಇವೆ. ಝೂಮ್‌ನಲ್ಲಿ ಹೋಸ್ಟ್ ಕಡೆ ಅದು ಬಂದ್ ಆಗಿದ್ದರೆ ನಮಗೆ ಆನ್ ಮಾಡಲಾಗದು. ಅಲ್ಲದೆ ಕಣ್ಣು ಪರದೆಯ ಕೆಳಗೇ ಓಡುತ್ತಿದ್ದರೆ, ಉತ್ತರ ನೋಡಿ ಓದುತ್ತಿದ್ದಾನೆ ಎಂದು ಅನುಮಾನಪಡುತ್ತಾರೆ.

‘ಎಷ್ಟು ಪರ್ಸೆಂಟ್ ತೊಂದರೆ?’ ಎಂಬ ಮರುಪ್ರಶ್ನೆ ಬಂತು. ‘ಈ ಎರಡು ಅನುಕೂಲ ಸಿಕ್ಕರೆ ಇಂಟರ್‌ವ್ಯೂಗೆ ಅಡ್ಡಿಯಿಲ್ಲ ಮೇಡಂ’ ಎಂದು ಅಲ್ಲಿಗೇ ನಿಲ್ಲಿಸಿದೆ. ಶೇ 40ರ ಪ್ರಮಾಣಪತ್ರ ಇಲ್ಲದವರು ಕೇಳಬಾರದು ಎಂಬ ಅಳುಕು ನನಗೂ ಇತ್ತು. ಆದರೆ 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ಯುಪಿಎಸ್‌ಸಿ ಅಭ್ಯರ್ಥಿಗೆ ಆ ಮಿತಿ ತಲುಪದಿದ್ದರೂ ಲಿಪಿಕಾರರ ನೆರವು ಸಿಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಅದು ಸರ್ಕಾರಿ ಪರೀಕ್ಷೆಯ ಮಾತು, ಖಾಸಗಿ ಕಂಪನಿಗೆ ಹಾಗೇ ಅನ್ವಯಿಸಿ ವಾದಿಸಲಾಗದು. ನನ್ನ ಅಳುಕು ಬಿಡಲು ಮಾತ್ರ ಅಷ್ಟು ಸಾಕಾಯಿತು.

ಇಂಟರ್‌ವ್ಯೂ ದಿನ ಎಲ್ಲರ ಮುಖವೂ ಕಂಡಿತು. ನಡುವೆ ‘ರೆಡಿಸ್’ ಎಂಬುದನ್ನು ಕ್ಯಾಪ್ಶನ್ ‘ರೆಡಿ ಈಸ್’ ಎಂದು ತೋರಿಸಿತು. ನನ್ನ ಮುಖ ನೋಡಿದ ಒಬ್ಬರು ಕೇಳುವ ಮೊದಲೇ ಪ್ರಶ್ನೆಯನ್ನು ಚಾಟ್‌ನಲ್ಲಿ ಟೈಪ್ ಮಾಡಿದರು. ಕಿವಿಗೆ ಏನಾಗಿದೆ ಎಂದು ಒಬ್ಬರೂ ಕೇಳಲಿಲ್ಲ. ಗಂಟೆಯಿಡೀ ಮಾತಾಡಿದ್ದು ಕೋಡ್ ಬಗ್ಗೆ ಮಾತ್ರ.