ಎರಡು ಸಾವಿರ ಟಾಸ್ ಮತ್ತು ಸೊನ್ನೆಯಾಗುವ ಗುಣಲಬ್ಧ

ಒಂದು ನಾಣ್ಯವನ್ನು 10 ಸಲ ಚಿಮ್ಮಿದಾಗ 7 ಸಲ ಹೆಡ್, 3 ಸಲ ಟೇಲ್ ಬಿತ್ತು ಎಂದುಕೊಳ್ಳಿ. ಇದು ಸಮತೂಕದ ನಾಣ್ಯವೋ, ಹೆಡ್ ಕಡೆಗೆ ವಾಲುವ ನಾಣ್ಯವೋ? ಇದನ್ನು ತೀರ್ಮಾನಿಸಲು ಸಂಖ್ಯಾಶಾಸ್ತ್ರಜ್ಞರು ಕೇಳುವ ಪ್ರಶ್ನೆ ಸರಳವಾದದ್ದು. ಹೆಡ್ ಬೀಳುವ ಸಂಭವನೀಯತೆಯನ್ನು p ಎಂದು ಕರೆಯೋಣ. p ಗೆ ಒಂದು ಬೆಲೆ ಕೊಟ್ಟು, ಅದು ನಿಜವಾಗಿದ್ದರೆ ನಾವು ಕಂಡ ಈ ಹತ್ತು ಫಲಿತಾಂಶಗಳು ಬರುವ ಸಂಭವ ಎಷ್ಟಿತ್ತು ಎಂದು ಲೆಕ್ಕ ಹಾಕುವುದು. ಸಿಕ್ಕುವ ಸಂಖ್ಯೆಯೇ p ಯ ಆ ಬೆಲೆಯ ಲೈಕ್ಲಿಹುಡ್. ಯಾವ ಬೆಲೆಗೆ ಅದು ಅತಿ ಹೆಚ್ಚೋ ಆ ಬೆಲೆಯನ್ನು ನಮ್ಮ ಅಂದಾಜಾಗಿ ಇಟ್ಟುಕೊಳ್ಳುತ್ತೇವೆ.

ಒಂದು ಟಾಸ್ ಇನ್ನೊಂದರ ಮೇಲೆ ಪ್ರಭಾವ ಬೀರುವುದಿಲ್ಲವಾದ್ದರಿಂದ ಹತ್ತೂ ಸಂಭವನೀಯತೆಗಳನ್ನು ಒಂದಕ್ಕೊಂದು ಗುಣಿಸಬೇಕು. ಪ್ರತಿ ಹೆಡ್‌ಗೆ ಒಂದು p, ಪ್ರತಿ ಟೇಲ್‌ಗೆ ಒಂದು 1−p. ಸಮತೂಕದ ನಾಣ್ಯಕ್ಕೆ p = 0.5, ಅರ್ಧವನ್ನು ಹತ್ತು ಸಲ ಗುಣಿಸಿದರೆ 1/1024, ಅಂದರೆ ಸುಮಾರು 0.00098. p = 0.7 ಎಂದು ಇಟ್ಟರೆ 0.7 ಅನ್ನು ಏಳು ಸಲ, 0.3 ಅನ್ನು ಮೂರು ಸಲ ಗುಣಿಸಬೇಕು. ಉತ್ತರ ಸುಮಾರು 0.00222. ಎರಡೂ ಚಿಕ್ಕ ಸಂಖ್ಯೆಗಳೇ, ಆದರೆ ಎರಡನೆಯದು ಮೊದಲನೆಯದರ ಸುಮಾರು 2.28 ಪಟ್ಟು ಇದೆ. ನಮಗೆ ಬೇಕಾದದ್ದು ಆ ಹೋಲಿಕೆ ಮಾತ್ರ.

ಹತ್ತು ಟಾಸ್‌ಗಳಿಗೆ ಇಷ್ಟು ಸಾಕು. ಅದೇ ನಾಣ್ಯವನ್ನು 2000 ಸಲ ಚಿಮ್ಮಿ, ಅದೇ ಪ್ರಮಾಣದಲ್ಲಿ 1400 ಹೆಡ್, 600 ಟೇಲ್ ಬಂದರೆ? ಒಂದಕ್ಕಿಂತ ಕಡಿಮೆಯಿರುವ ಸಂಖ್ಯೆಗಳನ್ನು ಗುಣಿಸುತ್ತ ಹೋದಷ್ಟೂ ಉತ್ತರ ಕುಗ್ಗುತ್ತದೆ. ಕಾಗದದ ಮೇಲೆ ಅದು ಎಷ್ಟು ಕುಗ್ಗಿದರೂ ಸೊನ್ನೆ ಆಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಆಗುತ್ತದೆ. ಸಾಮಾನ್ಯವಾಗಿ ಕಂಪ್ಯೂಟರ್ ಒಂದು ದಶಮಾಂಶ ಸಂಖ್ಯೆಗೆ 64 ಬಿಟ್‌ಗಳ ಜಾಗ ಕೊಡುತ್ತದೆ. ಆ ಜಾಗದಲ್ಲಿ ಬರೆಯಬಹುದಾದ ಅತಿ ಚಿಕ್ಕ ಧನ ಸಂಖ್ಯೆಗೆ ದಶಮಾಂಶ ಬಿಂದುವಿನ ನಂತರ 323 ಸೊನ್ನೆಗಳಿರುತ್ತವೆ. ಆಮೇಲೆ ಒಂದು 5. ಅದಕ್ಕಿಂತ ತೀರಾ ಕೆಳಗೆ ಹೋದದ್ದೆಲ್ಲ ಸೊನ್ನೆಯೇ. ಪೈಥಾನ್ ಇರುವ ಯಾವ ಕಂಪ್ಯೂಟರ್‌ನಲ್ಲಾದರೂ ಇದನ್ನು ನೋಡಬಹುದು:

```
print(0.5 ** 1074)
print(0.5 ** 1075)
```

ಮೊದಲ ಸಾಲಿಗೆ `5e-324` ಎಂಬ ಉತ್ತರ ಬರುತ್ತದೆ, ಎರಡನೆಯದಕ್ಕೆ `0.0`. ನಡುವೆ ಇರುವುದು ಒಂದೇ ಒಂದು ಟಾಸ್.

ನಮ್ಮ 2000 ಟಾಸ್‌ಗಳ ಲೆಕ್ಕ ಈ ಗಡಿಯನ್ನು ಎಷ್ಟೋ ಹಿಂದೆ ಬಿಟ್ಟಿರುತ್ತದೆ. p = 0.5 ಇಟ್ಟರೂ ಸೊನ್ನೆ, 0.7 ಇಟ್ಟರೂ ಸೊನ್ನೆ, ಬೇರೆ ಯಾವ ಬೆಲೆ ಇಟ್ಟರೂ ಸೊನ್ನೆ. ಇಲ್ಲಿ ನನ್ನನ್ನು ಹೆಚ್ಚು ಕಾಡುವುದು ಯಂತ್ರದ ಮೌನ. ಅದು ತಪ್ಪಾಯಿತೆಂದು ಹೇಳುವುದೇ ಇಲ್ಲ. ಎಲ್ಲ ಬೆಲೆಗಳೂ ಸಮಾನವಾಗಿ ಅಸಾಧ್ಯ ಎಂಬ ಸುಳ್ಳು ಉತ್ತರವನ್ನು ನಿರಾಳವಾಗಿ ಕೊಡುತ್ತದೆ. ಗ್ರಾಫ್ ಬರೆದು ನೋಡಿದರೆ ಗೊತ್ತಾಗುತ್ತದೆ. ಶಿಖರ ಇರಬೇಕಾದಲ್ಲಿ ನೆಲಕ್ಕಂಟಿದ ಚಪ್ಪಟೆ ಗೆರೆ ಕಾಣುತ್ತದೆ. ಎರಡು ಲೈಕ್ಲಿಹುಡ್‌ಗಳನ್ನು ಭಾಗಿಸಲು ಹೋದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗಿ ಪ್ರೋಗ್ರಾಂ ನಿಲ್ಲುತ್ತದೆ, ಇಲ್ಲವೇ `nan` ಎಂದು ತೋರಿಸುತ್ತದೆ.

ಇದಕ್ಕೆ ಪರಿಹಾರ 1614ರಲ್ಲೇ ಸಿದ್ಧವಾಗಿತ್ತು. ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಆ ವರ್ಷ ಲಾಗರಿದಮ್ ಕೋಷ್ಟಕಗಳನ್ನು ಪ್ರಕಟಿಸಿದ್ದು ದೊಡ್ಡ ಗುಣಾಕಾರಗಳನ್ನು ಸಂಕಲನಕ್ಕೆ ಇಳಿಸಲೆಂದು. ಎರಡು ಸಂಖ್ಯೆಗಳ ಗುಣಲಬ್ಧದ ಲಾಗ್ ಎಂದರೆ ಅವುಗಳ ಲಾಗ್‌ಗಳ ಮೊತ್ತ. ಪಿಯುಸಿಯಲ್ಲಿ ಲಾಗ್ ಟೇಬಲ್ ತಿರುವಿದವರಿಗೆ log 2 = 0.3010 ನೆನಪಿರುತ್ತದೆ. ಅರ್ಧದ ಲಾಗ್ ಅದರದೇ ಋಣ ರೂಪ, −0.3010. ಹಾಗಾಗಿ ಸಮತೂಕದ ನಾಣ್ಯದ ಹತ್ತು ಟಾಸ್‌ಗಳಿಗೆ ಒಟ್ಟು −3.010. p = 0.7 ಆದಾಗ ಪ್ರತಿ ಹೆಡ್‌ಗೆ −0.1549, ಪ್ರತಿ ಟೇಲ್‌ಗೆ −0.5229, ಏಳು ಮತ್ತು ಮೂರು ಸಲ ಕೂಡಿದರೆ −2.653.

ಋಣ ಸಂಖ್ಯೆಗಳಾದ್ದರಿಂದ ಇಲ್ಲಿ ಎಡವುವವರಿದ್ದಾರೆ. ಸೊನ್ನೆಗೆ ಹತ್ತಿರವಿರುವುದೇ ದೊಡ್ಡದು: −2.653 ಎಂಬುದು −3.010 ಕ್ಕಿಂತ ಹೆಚ್ಚು, ಆದ್ದರಿಂದ ಗೆದ್ದದ್ದು 0.7. ಸಂಖ್ಯೆ ಹೆಚ್ಚಿದರೆ ಅದರ ಲಾಗ್ ಕೂಡ ಹೆಚ್ಚುತ್ತದೆ, ಎಂದೂ ತಗ್ಗುವುದಿಲ್ಲ. ಹೀಗಾಗಿ ಲಾಗ್ ತೆಗೆದ ಮಾತ್ರಕ್ಕೆ ಬೆಲೆಗಳ ಮೇಲು ಕೀಳಿನ ಕ್ರಮ ಬದಲಾಗುವುದಿಲ್ಲ, ಶಿಖರವೂ ಇದ್ದ ಜಾಗ ಬಿಟ್ಟು ಸರಿಯುವುದಿಲ್ಲ. ಅನುಪಾತದ ಮಾಹಿತಿಯೂ ಕಳೆದುಹೋಗಿಲ್ಲ. ಎರಡರ ನಡುವಿನ ವ್ಯತ್ಯಾಸ 0.3574, 10 ರ ಘಾತಕ್ಕೆ ಅದನ್ನು ಏರಿಸಿದರೆ ಮತ್ತೆ ಅದೇ 2.28.

ಈಗ 2000 ಟಾಸ್‌ಗಳಿಗೆ ಬನ್ನಿ. p = 0.5 ಕ್ಕೆ ಮೊತ್ತ −602.06, p = 0.7 ಕ್ಕೆ −530.59. ಕಂಪ್ಯೂಟರ್ ಇರಲಿ, ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲೂ ಆರಾಮವಾಗಿ ಹಿಡಿಸುವ ಸಂಖ್ಯೆಗಳು. ಗುಣಿಸಿದ್ದರೆ ಎರಡನೆಯದಕ್ಕೆ ಬಿಂದುವಿನ ನಂತರ 530 ಸೊನ್ನೆಗಳನ್ನು ಬರೆಯಬೇಕಿತ್ತು. ಒಂದು ಎಚ್ಚರಿಕೆ ಮಾತ್ರ ಬೇಕು. ಮೊದಲು ಎಲ್ಲವನ್ನೂ ಗುಣಿಸಿ ಕೊನೆಗೆ ಲಾಗ್ ತೆಗೆದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಸಂಖ್ಯೆ ಸೊನ್ನೆಯಾಗಿ ಹೋಗಿರುತ್ತದೆ. ಪ್ರತಿ ಟಾಸ್‌ನ ಲಾಗ್ ತೆಗೆದು ಆಮೇಲೆ ಕೂಡಬೇಕು.

ಆದರೆ ಲಾಗ್ ಬಳಕೆ ಕಂಪ್ಯೂಟರ್‌ಗಿಂತ ಹಳೆಯದು. ಆರ್. ಎ. ಫಿಶರ್ ಕೇಂಬ್ರಿಜ್‌ನ ವಿದ್ಯಾರ್ಥಿಯಾಗಿದ್ದಾಗ 1912ರಲ್ಲಿ ಪ್ರಕಟಿಸಿದ ಲೇಖನದಲ್ಲೇ ಗುಣಲಬ್ಧವನ್ನು ಲಾಗ್‌ಗಳ ಮೊತ್ತವಾಗಿಸಿಕೊಂಡಿದ್ದರು. ಮೊತ್ತವಾದರೆ ಕ್ಯಾಲ್ಕುಲಸ್ ಹಗುರವಾಗುತ್ತದೆ. ಶಿಖರದ ತುದಿಯಲ್ಲಿ ಇಳಿಜಾರು ಸೊನ್ನೆ. ಹತ್ತು ಅಂಶಗಳ ಗುಣಲಬ್ಧದ ಇಳಿಜಾರು ಕಂಡುಹಿಡಿಯುವಾಗ ಪ್ರತಿ ಪದದಲ್ಲೂ ಉಳಿದ ಒಂಬತ್ತು ಅಂಶಗಳು ಸಿಕ್ಕಿಹಾಕಿಕೊಂಡಿರುತ್ತವೆ. ಮೊತ್ತದಲ್ಲಿ ಪ್ರತಿ ಟಾಸ್ ತನ್ನ ಪಾಲನ್ನು ಬೇರೆಯಾಗಿ ಕೊಡುತ್ತದೆ. ಸಹಜ ಲಾಗ್ ತೆಗೆದುಕೊಂಡರೆ ನಮ್ಮ ನಾಣ್ಯಕ್ಕೆ ಉಳಿಯುವ ಸಮೀಕರಣ ಇಷ್ಟೇ:

7/p − 3/(1−p) = 0

ಅಂದರೆ 7(1−p) = 3p, ಆದ್ದರಿಂದ p = 0.7. ಹತ್ತರಲ್ಲಿ ಏಳು ಹೆಡ್ ಬಿದ್ದರೆ 0.7 ಎಂದು ಯಾರಾದರೂ ಹೇಳುತ್ತಿದ್ದರು, ನಿಜ. ಆ ಸಹಜ ಊಹೆ ಶಿಖರದ ತುದಿಯಲ್ಲೇ ಇದೆ ಎಂಬುದು ಎರಡು ಸಾಲಿನಲ್ಲಿ ಸಿದ್ಧವಾದದ್ದು ನನಗೆ ಇಷ್ಟ.

ಲಾಗ್ ಎಲ್ಲೆಡೆಯೂ ಹೀಗೆ ಸಲೀಸಾಗಿ ನಡೆಯುವುದಿಲ್ಲ. ಚೀಲದಲ್ಲಿ ಎರಡು ನಾಣ್ಯಗಳಿವೆ, ಒಂದರ p 0.5, ಇನ್ನೊಂದರದು 0.7, ಕಣ್ಣು ಮುಚ್ಚಿ ಒಂದನ್ನು ತೆಗೆದು 2000 ಸಲ ಚಿಮ್ಮಿದೆವು ಎನ್ನಿ. ಯಾವ ನಾಣ್ಯವೆಂದು ಗೊತ್ತಿಲ್ಲದ್ದರಿಂದ ಎರಡೂ ಲೈಕ್ಲಿಹುಡ್‌ಗಳ ಅರ್ಧರ್ಧವನ್ನು ಕೂಡಬೇಕು, ಮತ್ತು ಮೊತ್ತದ ಲಾಗ್‌ಗೆ ಗುಣಲಬ್ಧಕ್ಕಿರುವಂಥ ಸುಲಭ ಸೂತ್ರವಿಲ್ಲ. −530.59 ಮತ್ತು −602.06 ಅನ್ನು ಹಿಂದಕ್ಕೆ ಸಂಭವನೀಯತೆಗಳಾಗಿ ತಿರುಗಿಸಿದರೆ ಎರಡೂ ಮತ್ತೆ ಸೊನ್ನೆಯ ಗುಂಡಿಗೆ ಬೀಳುತ್ತವೆ. ಆಗ ಮಾಡುವ ಉಪಾಯವೆಂದರೆ ಎರಡರಲ್ಲಿ ದೊಡ್ಡದಾದ −530.59 ಅನ್ನು ಪಕ್ಕಕ್ಕೆ ತೆಗೆದಿಡುವುದು. ಉಳಿಯುವುದು 0 ಮತ್ತು −71.47. ಇವನ್ನು ಧೈರ್ಯವಾಗಿ ಹಿಂದಕ್ಕೆ ತಿರುಗಿಸಬಹುದು: ಮೊದಲನೆಯದು 1, ಎರಡನೆಯದು ಬಿಂದುವಿನ ನಂತರ 71 ಸೊನ್ನೆಗಳಿರುವ ಸಂಖ್ಯೆ. ಇವುಗಳ ಅರ್ಧರ್ಧವನ್ನು ಕೂಡಿ, ಲಾಗ್ ತೆಗೆದು, ಪಕ್ಕಕ್ಕಿಟ್ಟ −530.59 ಅನ್ನು ಸೇರಿಸಿದರೆ ಉತ್ತರ −530.89. ಎರಡನೆಯ ಸಂಖ್ಯೆಯ ಪಾಲು ಇದರಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಕೈಗೆ ಬಂದದ್ದು 0.7 ರ ನಾಣ್ಯ ಎನ್ನುವುದರಲ್ಲಿ ಈ 2000 ಟಾಸ್‌ಗಳು ಅನುಮಾನವನ್ನೇ ಉಳಿಸಿಲ್ಲ.