ನೂರು ಅಂಕ ಹಂಚಿ ಸಂಧಾನಕ್ಕೆ ಕೂತರೆ

ಇಬ್ಬರ ನಡುವೆ ಹತ್ತು ವಿಷಯಗಳ ತಕರಾರು ಇದ್ದರೆ ಒಂದೊಂದನ್ನೂ ಅರ್ಧರ್ಧ ಮಾಡಿಕೊಂಡು ಮುಗಿಸುವುದೇ ನ್ಯಾಯ ಎಂದು ಬಹಳ ಮಂದಿ ನಂಬಿದ್ದಾರೆ. ಆದರೆ ಹಾಗೆ ಹಂಚಿದಾಗ ಇಬ್ಬರೂ ಕಳೆದುಕೊಳ್ಳುವುದೇ ಹೆಚ್ಚು. ಇದನ್ನು ಅಂಕಿಗಳಲ್ಲಿ ತೋರಿಸಲು ಪನಾಮಾ ಕಾಲುವೆಯ ಸಂಧಾನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1970ರ ದಶಕದಲ್ಲಿ ಅಮೆರಿಕದ ಪರವಾಗಿ ಎಲ್ಸ್‌ವರ್ತ್ ಬಂಕರ್ ಮಾತುಕತೆ ನಡೆಸುತ್ತಿದ್ದರು. ಅವರ ತಂಡವನ್ನು ಸಲಹೆಗಾರರು ವಿಚಾರಿಸಿ, ತಕರಾರಿನ ಹತ್ತು ವಿಷಯಗಳಿಗೆ ಒಟ್ಟು 100 ಅಂಕ ಹಂಚಿಸಿದರು. ಪನಾಮಾದವರು ಹೇಗೆ ಹಂಚಿಯಾರು ಎಂದೂ ಅದೇ ತಂಡದಿಂದ ಅಂದಾಜು ಪಡೆದರು. ಹಾರ್ವರ್ಡ್‌ನ ಹೊವಾರ್ಡ್ ರೈಫಾ 1982ರಲ್ಲಿ ಸಂಧಾನದ ಬಗ್ಗೆ ಬರೆದ ಪುಸ್ತಕದಿಂದ ಈ ಪಟ್ಟಿ ಪ್ರಸಿದ್ಧವಾಯಿತು.

ಪಟ್ಟಿಯನ್ನು ಓದುವ ಬಗೆ ಹೀಗೆ. ಕಾಲುವೆಯನ್ನು ರಕ್ಷಿಸುವ ಹಕ್ಕಿಗೆ ಅಮೆರಿಕ ಕೊಟ್ಟದ್ದು 22 ಅಂಕ, ಪನಾಮಾದ ಅಂದಾಜು 9. ಬಳಸುವ ಹಕ್ಕಿಗೆ 22 ಮತ್ತು 15, ಕಾಲುವೆ ವಿಸ್ತರಿಸುವ ಹಕ್ಕಿಗೆ 14 ಮತ್ತು 3, ವಿಸ್ತರಣೆಯ ಮಾರ್ಗಕ್ಕೆ 6 ಮತ್ತು 5. ಈ ನಾಲ್ಕರಲ್ಲೂ ಅಮೆರಿಕದ ಆಸೆಯೇ ದೊಡ್ಡದು. ಕೂಡಿದರೆ ಅದಕ್ಕೆ 64. ಒಪ್ಪಂದದ ಅವಧಿ, ಪರಿಹಾರದ ಹಣ, ಕಾಲುವೆ ವಲಯದ ಮೇಲಿನ ಆಡಳಿತಾಧಿಕಾರ, ಅಮೆರಿಕದ ಸೇನೆಗೆ ಸಿಗುವ ಸವಲತ್ತು, ರಕ್ಷಣೆಯಲ್ಲಿ ಪನಾಮಾದ ಪಾತ್ರ ಈ ಐದನ್ನು ಪನಾಮಾಕ್ಕೆ ಬಿಟ್ಟರೆ ಅದಕ್ಕೆ 53 ಅಂಕ. ಅಮೆರಿಕ ಕಳೆದುಕೊಳ್ಳುವುದು ಬರೀ 21. ಉಳಿದದ್ದು ನೆಲ-ನೀರು, ಅದಕ್ಕೆ ಇಬ್ಬರದೂ 15. ಅದರಲ್ಲಿ 2 ಅಂಕದಷ್ಟು ಅಮೆರಿಕಕ್ಕೆ, 13 ಅಂಕದಷ್ಟು ಪನಾಮಾಕ್ಕೆ ಕೊಟ್ಟರೆ ಇಬ್ಬರೂ 66ರಲ್ಲಿ ನಿಲ್ಲುತ್ತಾರೆ. ಎಲ್ಲವನ್ನೂ ಅರ್ಧರ್ಧ ಮಾಡಿದ್ದರೆ ಸಿಗುತ್ತಿದ್ದದ್ದು ತಲಾ 50. ಹೆಚ್ಚಿನ 16 ಅಂಕ ಯಾರ ಜೇಬಿನಿಂದಲೂ ಬಂದದ್ದಲ್ಲ, ಇಬ್ಬರ ಆದ್ಯತೆಗಳು ಬೇರೆಯಾಗಿರುವುದರಿಂದ ಹುಟ್ಟಿದ್ದು. ಈ ಹಂಚಿಕೆಯ ವಿಧಾನವನ್ನು ಕ್ರಮಬದ್ಧವಾಗಿ ರೂಪಿಸಿದವರು ರಾಜ್ಯಶಾಸ್ತ್ರಜ್ಞ ಸ್ಟೀವನ್ ಬ್ರಾಮ್ಸ್ ಮತ್ತು ಗಣಿತಜ್ಞ ಅಲನ್ ಟೇಲರ್. ಆದರೆ 66ಕ್ಕೆ 66 ಎಂಬ ಸಮಾನತೆಗೆ ಮರುಳಾಗಬಾರದು. ಅಮೆರಿಕದ ಒಂದು ಅಂಕವೂ ಪನಾಮಾದ ಒಂದು ಅಂಕವೂ ಒಂದೇ ನಾಣ್ಯವಲ್ಲ. 50ರಿಂದ 66ಕ್ಕೆ ಏರಿದ್ದು ಮಾತ್ರ ಇಬ್ಬರಿಗೂ ನಿಜವಾದ ಲಾಭ.

ಎದುರಾಳಿಯ ಮನಸ್ಸು ಬಲ್ಲವರು ಯಾರು, ಅಂದಾಜೇ ತಪ್ಪಿದ್ದರೆ ಎಂಬ ಆಕ್ಷೇಪ ಸರಿಯಾದದ್ದೇ. ಅದನ್ನು ಪರೀಕ್ಷಿಸುವ ದಾರಿಯೂ ಪಟ್ಟಿಯಲ್ಲೇ ಇದೆ. ಪರಿಹಾರದ ಹಣ ಬಿಟ್ಟುಕೊಟ್ಟರೆ ಅಮೆರಿಕಕ್ಕೆ 4 ಅಂಕ ನಷ್ಟ. ಆಡಳಿತಾಧಿಕಾರ ಮತ್ತು ಸೇನೆಯ ಸವಲತ್ತು ಎರಡನ್ನೂ ಬಿಟ್ಟರೂ ನಷ್ಟ ಅಷ್ಟೇ. ಈ ಎರಡು ಕೊಡುಗೆಗಳನ್ನೂ ಮುಂದಿಟ್ಟು, ಯಾವುದು ಬೇಕೋ ಆರಿಸಿಕೊಳ್ಳಿ ಎಂದು ಕೇಳಬಹುದು. ಅಂದಾಜಿನ ಪ್ರಕಾರ ಪನಾಮಾಕ್ಕೆ ಮೊದಲನೆಯದು 11, ಎರಡನೆಯದು 14. ಅವರು ಹಣವನ್ನೇ ಆರಿಸಿಕೊಂಡರೆ ಅಂದಾಜು ತಪ್ಪಿದೆ ಎಂದು ತಿಳಿಯುತ್ತದೆ, ಅಷ್ಟು ತಿಳಿಯಲು ಕೈಯಿಂದ ಹೋಗುವುದೇನೂ ಇಲ್ಲ. ಎದುರಾಳಿ ಬೇಕೆಂದೇ ಸುಳ್ಳು ಆಯ್ಕೆ ಮಾಡಬಹುದಲ್ಲ ಎನ್ನಬಹುದು. ಮಾಡಬಹುದು, ಆದರೆ ಆ ಆಯ್ಕೆಗೇ ಒಪ್ಪಂದ ಕುದುರಿಬಿಟ್ಟರೆ ತನಗೆ ಕಡಿಮೆ ಬೇಕಾದದ್ದನ್ನೇ ಹೊತ್ತುಕೊಂಡು ಹೋಗಬೇಕಾಗುತ್ತದೆ.

ಪಟ್ಟಿ ನಿಜಕ್ಕೂ ಕೆಡುವುದು ಇನ್ನೊಂದು ಕಡೆ. ಹಣ ಮುಖ್ಯವೋ ಅವಧಿ ಮುಖ್ಯವೋ ಎಂದು ಕೇಳಿ ಅಂಕ ಬರೆಸಿದರೆ ಆ ಅಂಕಕ್ಕೆ ಅರ್ಥವೇ ಇರುವುದಿಲ್ಲ. ಅಂಕ ಅಳೆಯಬೇಕಾದದ್ದು ವಿಷಯದ ಹೆಸರನ್ನಲ್ಲ, ಸಿಗಬಹುದಾದ ಅತಿ ಕೆಟ್ಟ ಫಲಕ್ಕೂ ಅತಿ ಒಳ್ಳೆಯ ಫಲಕ್ಕೂ ಇರುವ ಅಂತರವನ್ನು. ಪರಿಹಾರದ ತಕರಾರು ಒಂದು ಲಕ್ಷದಷ್ಟು ವ್ಯತ್ಯಾಸದ್ದಾದರೆ ಅದಕ್ಕೆ ಒಂದಂಕವೂ ಹೆಚ್ಚು, ಹತ್ತು ಕೋಟಿಯದಾದರೆ 20 ಕೂಡ ಸಾಲದೇ ಹೋಗಬಹುದು. ಆದ್ದರಿಂದ ಮೊದಲು ಎರಡು ತುದಿಗಳನ್ನು ಬರೆದುಕೊಳ್ಳಬೇಕು, ಅಂಕ ಆಮೇಲೆ. ಮಾತುಕತೆಯ ನಡುವೆ ತುದಿ ಸರಿದರೆ ಅಂಕವನ್ನೂ ತಿದ್ದಬೇಕು.

ಅಂಕಗಳನ್ನು ಸುಮ್ಮನೆ ಕೂಡುತ್ತಾ ಹೋಗುವುದಕ್ಕೂ ಒಂದು ಮಿತಿ ಇದೆ. ರಕ್ಷಣೆಯ ಹಕ್ಕು ಎಷ್ಟು ಬೆಲೆಬಾಳುತ್ತದೆ ಎಂಬುದು ಅದು ಎಷ್ಟು ವರ್ಷ ಇರುತ್ತದೆ ಎಂಬುದರ ಮೇಲೆ ನಿಂತಿದೆ. ಅವಧಿಯನ್ನು ಪನಾಮಾಕ್ಕೂ ರಕ್ಷಣೆಯನ್ನು ಅಮೆರಿಕಕ್ಕೂ ಕೊಟ್ಟು ಬೇರೆ ಬೇರೆ ಸಾಲಿನಲ್ಲಿ ಕೂಡಿದ ಲೆಕ್ಕ ಇಲ್ಲಿ ಸಡಿಲವಾಗುತ್ತದೆ. ಹೀಗೆ ಹೆಣೆದುಕೊಂಡ ವಿಷಯಗಳನ್ನು ಒಂದೇ ಸಾಲಿಗೆ ಸೇರಿಸಿ, ಆಯ್ಕೆಗಳನ್ನು ಜೋಡಿಯಾಗಿಯೇ ತೂಗಬೇಕು. ಅವಧಿಗೂ ರಕ್ಷಣೆಗೂ ಇರುವ ಈ ನಂಟು ಕೊನೆಗೆ ಕುದುರಿದ ಒಪ್ಪಂದದಲ್ಲೂ ಕಾಣುತ್ತದೆ. ಅಮೆರಿಕದ ಅಧ್ಯಕ್ಷ ಕಾರ್ಟರ್ ಮತ್ತು ಪನಾಮಾದ ನಾಯಕ ಟೊರಿಹೋಸ್ 1977ರ ಸೆಪ್ಟೆಂಬರ್ 7ರಂದು ಸಹಿ ಹಾಕಿದ್ದು ಒಂದಲ್ಲ, ಎರಡು ಒಪ್ಪಂದಗಳಿಗೆ. ಮೊದಲನೆಯದರಂತೆ 1999ರ ಡಿಸೆಂಬರ್ 31ರಂದು ಕಾಲುವೆ ಪನಾಮಾದ ವಶವಾಯಿತು. ಕಾಲುವೆಯ ತಟಸ್ಥತೆಯನ್ನು ಕಾಯುವ ಎರಡನೆಯದಕ್ಕೆ ಕೊನೆಯ ದಿನಾಂಕವನ್ನೇ ಇಟ್ಟಿಲ್ಲ.