ಚನ್ನಪಟ್ಟಣದ ಬಳೆ ಲಂಡನ್‌ಗೆ ಹೋಗಬೇಕಾದರೆ

ಚನ್ನಪಟ್ಟಣದಲ್ಲಿರುವ ನಮ್ಮ ಖಾಲಾ ಮನೆಯ ಬೀದಿಯಲ್ಲಿ ಆಲೆ ಮರವನ್ನು ಲೇತ್‌ಗೆ ಹಾಕಿ, ಅರಗಿನ ಬಣ್ಣ ಹಿಡಿಸಿ ಬಳೆ ಮಾಡುತ್ತಾರೆ. ಇದನ್ನು ಎಟ್ಸಿಯಂಥ ಜಾಲತಾಣದ ಮೂಲಕ ಹೊರದೇಶಕ್ಕೆ ಮಾರಬಹುದು. ಚನ್ನಪಟ್ಟಣ ಎಂದರೆ ಎಲ್ಲರಿಗೂ ಗೊಂಬೆಯೇ ನೆನಪಾಗುತ್ತದೆ. ಆದರೆ ಮಕ್ಕಳ ಆಟಿಕೆಗೆ ಬ್ರಿಟನ್‌ನಲ್ಲಿ ಸುರಕ್ಷತಾ ಪರೀಕ್ಷೆ ಮತ್ತು ಗುರುತು ಬೇಕು. ಆದ್ದರಿಂದ ಹೊಸಬರಿಗೆ ಬಳೆಯೇ ಸುಲಭ ಎಂದು ನನಗನಿಸುತ್ತದೆ.

ಮೊದಲು ಬೇಕಾದ್ದು ಐಇಸಿ, ಅಂದರೆ ಆಮದು-ರಫ್ತು ಸಂಖ್ಯೆ. ಡಿಜಿಎಫ್‌ಟಿ ತಾಣದಲ್ಲಿ ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ವಿವರ ಕೊಟ್ಟು 500 ರೂಪಾಯಿ ಕಟ್ಟಿದರೆ ಸಿಗುತ್ತದೆ. ಅಪ್ರಾಪ್ತರು ಕರಾರು ಮಾಡಲಾಗದು ಎಂದು ಓದಿದ್ದೇವಲ್ಲ, ಹಾಗಾಗಿ ನಮ್ಮ ವಯಸ್ಸಿನವರು ಅಮ್ಮಿ ಅಥವಾ ಅಬ್ಬಾ ಹೆಸರಿನಲ್ಲೇ ಮಾಡಿಸಬೇಕು.

ಅಂಚೆಯಲ್ಲಿ ಕಳಿಸುವುದಾದರೆ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ತುಂಬಬೇಕು. 2022ರಿಂದ ಇದನ್ನು ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ತಾಣದಲ್ಲಿ ಮನೆಯಿಂದಲೇ ತುಂಬಬಹುದು. ಆಮೇಲೆ ಅಂಥ ಕೇಂದ್ರವಿರುವ ಅಂಚೆ ಕಚೇರಿಗೆ ಪೊಟ್ಟಣ ಒಯ್ದು ಕೊಡುವುದು. ಪೊಟ್ಟಣದ ಮೇಲೆ ಅಂಟಿಸುವ ಕಸ್ಟಮ್ಸ್ ಚೀಟಿಯ ಹೆಸರು ಸಿಎನ್ 22. ಬೆಲೆ ಹೆಚ್ಚಾದರೆ ಸಿಎನ್ 23. ಅದರಲ್ಲಿ ಬರೀ ‘ಕರಕುಶಲ ವಸ್ತು’ ಎಂದು ಬರೆದರೆ ಅಧಿಕಾರಿಗೆ ಏನೂ ತಿಳಿಯದು, ಪೊಟ್ಟಣ ಅಲ್ಲೇ ನಿಲ್ಲಬಹುದು. ‘ಅರಗು ಬಳಿದ ಮರದ ಬಳೆ, 12’ ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆದು, ಕೃತಕ ಆಭರಣದ ಸಂಕೇತ 7117, ತೂಕ, ಮಾರಿದ ಬೆಲೆ ಹಾಕಬೇಕು. ತೆರಿಗೆ ತಪ್ಪಿಸಲು ‘ಉಡುಗೊರೆ’ ಎಂದು ಗುರುತು ಹಾಕುವವರಿದ್ದಾರೆ. ಅದು ಸುಳ್ಳು ಘೋಷಣೆ.

ಸಾಗಣೆಯಲ್ಲಿ ಅನೇಕರು ಏಮಾರುವುದು ತೂಕದಲ್ಲಿ. 12 ಬಳೆ, ಡಬ್ಬಿ ಸೇರಿ 300 ಗ್ರಾಂ ಎಂದುಕೊಳ್ಳಿ. ಡಬ್ಬಿಯ ಅಳತೆ 25, 20, 10 ಸೆಂಟಿಮೀಟರ್. ಖಾಸಗಿ ಕೊರಿಯರ್‌ನವರು ಸಾಮಾನ್ಯವಾಗಿ ಈ ಮೂರನ್ನೂ ಗುಣಿಸಿ 5000ದಿಂದ ಭಾಗಿಸುತ್ತಾರೆ: 1 ಕೆಜಿ ಬರುತ್ತದೆ. ನಿಜವಾದ ತೂಕಕ್ಕಿಂತ ಇದು ಹೆಚ್ಚು, ಆದ್ದರಿಂದ ಇದಕ್ಕೇ ದುಡ್ಡು. ಅಂಚೆಯ ಇಂಟರ್‌ನ್ಯಾಷನಲ್ ಟ್ರ್ಯಾಕ್ಡ್ ಪ್ಯಾಕೆಟ್‌ನಲ್ಲಿ 2 ಕೆಜಿವರೆಗೆ ತಕ್ಕಡಿಯ ತೂಕಕ್ಕೆ ಲೆಕ್ಕ. ತಲುಪುವುದು ತಡ, ಆದರೆ ಹಗುರ ಸಾಮಾನಿಗೆ ಇದೇ ಲಾಭ.

ಈಗ ಬೆಲೆ. ಬಳೆಗೆ 600, ಪ್ಯಾಕಿಂಗ್‌ಗೆ 80, ಅಂಚೆಗೆ 820, ನಮ್ಮ ಲಾಭ 300, ಒಟ್ಟು 1800 ರೂಪಾಯಿ ಎಂದು ಊಹಿಸೋಣ. ಎಟ್ಸಿ ಪ್ರತಿ ವಸ್ತುವನ್ನು ಪಟ್ಟಿಗೆ ಹಾಕಲು 0.20 ಡಾಲರ್, ಮಾರಾಟವಾದರೆ ಶೇ. 6.5 ಹಿಡಿಯುತ್ತದೆ, ಆ ಶೇ. 6.5 ಸಾಗಣೆ ವೆಚ್ಚದ ಮೇಲೂ ಬೀಳುತ್ತದೆ. ಹಣ ಪಾವತಿಯ ಶುಲ್ಕವೂ ಸೇರಿ ಶೇ. 10 ಎಂದಿಟ್ಟುಕೊಂಡರೆ, 1800ಕ್ಕೆ ಶೇ. 10 ಕೂಡಿಸಿ 1980 ಎಂದು ಬೆಲೆ ಹಾಕಬಾರದು. ಕಮಿಷನ್ ಹೋಗುವುದು 1980ರ ಮೇಲೆ, 198 ರೂಪಾಯಿ. ಕೈಗೆ ಬರುವುದು 1782 ಮಾತ್ರ. 1800ನ್ನು 0.9ರಿಂದ ಭಾಗಿಸಿದರೆ 2000, ಅದೇ ಸರಿಯಾದ ಬೆಲೆ.

ಇನ್ನೊಂದು ವಿಷಯ. 135 ಪೌಂಡ್ ಮೀರದ ಸರಕಿಗೆ ಬ್ರಿಟನ್ನಿನ ವ್ಯಾಟ್ ಅನ್ನು ಜಾಲತಾಣವೇ ಗಿರಾಕಿಯಿಂದ ವಸೂಲಿ ಮಾಡುತ್ತದೆ. ಆರ್ಡರಿನಲ್ಲಿ ಕಾಣುವ ಅದರ ವ್ಯಾಟ್ ಸಂಖ್ಯೆಯನ್ನು ಸಾಗಣೆ ವಿವರದಲ್ಲಿ ತುಂಬದಿದ್ದರೆ ಲಂಡನ್ನಿನ ಗಿರಾಕಿಯ ಬಾಗಿಲಲ್ಲಿ ಮತ್ತೊಮ್ಮೆ ತೆರಿಗೆ ಕೇಳಬಹುದು. ಅವರು ಪೊಟ್ಟಣ ಬೇಡವೆಂದರೆ ಆ 820 ರೂಪಾಯಿ ನಮ್ಮದೇ ನಷ್ಟ.